ಮಂಡಿ ಮಾತ್ರೆಗೆ ಮೂರು ತಿಂಗಳ ಗಡುವು

"ಮಂಡಿ ಸವೆದಿದೆ ಅಂದ್ರು. ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಮಾತ್ರೆ ತಗೊಂಡ್ರೆ ಸರಿ ಹೋಗುತ್ತಾ? ಎಷ್ಟು ದಿನ ತಗೋಬೇಕು?"

ಸವೆದದ್ದು ಮತ್ತೆ ತುಂಬಿಕೊಳ್ಳುವುದಿಲ್ಲ. ಇವೆರಡೂ ಕೀಲಿನಲ್ಲಿ ಮೂಳೆಯ ತುದಿಗೆ ಮೆತ್ತೆಯಂತಿರುವ ನಮ್ಮ ಕಾರ್ಟಿಲೇಜಿನಲ್ಲೇ ಇರುವ ವಸ್ತುಗಳು, ಅದಕ್ಕೇ ಈ ಆಸೆ ಹುಟ್ಟುವುದು. ಆದರೆ ಹೊಟ್ಟೆಗೆ ಹೋದದ್ದು ನೇರವಾಗಿ ಮಂಡಿಗೆ ಹೋಗಿ ಮೆತ್ತಿಕೊಳ್ಳುವುದಿಲ್ಲ. ನಿರೀಕ್ಷಿಸುವುದಿದ್ದರೆ ನೋವು ಕೊಂಚ ಇಳಿಯುವುದನ್ನು ಮಾತ್ರ ನಿರೀಕ್ಷಿಸಿ. ಅದೂ ಎಲ್ಲರಿಗಲ್ಲ.

ಎಷ್ಟು ಕೊಂಚ ಅಂತೀರಾ? ಅಮೆರಿಕದಲ್ಲಿ ಸುಮಾರು 1,600 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶ 2006ರಲ್ಲಿ ಬಂತು. ಆರು ತಿಂಗಳಾದ ಮೇಲೆ, ಎರಡೂ ಔಷಧ ಸೇರಿಸಿ ತೆಗೆದುಕೊಂಡ ನೂರರಲ್ಲಿ 67 ಜನರಿಗೆ ನೋವು ಐದನೇ ಒಂದು ಭಾಗವಾದರೂ ಇಳಿದಿತ್ತು. ಒಳ್ಳೆಯ ಸುದ್ದಿ ಅಲ್ವಾ? ಆದರೆ ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ನೂರಕ್ಕೆ 60 ಜನರಿಗೆ ಅಷ್ಟೇ ಇಳಿದಿತ್ತು. ಆ ಅಂತರ ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು ಚಿಕ್ಕದು. ನೋವು ಜಾಸ್ತಿ ಇದ್ದ ಒಂದು ಸಣ್ಣ ಗುಂಪಿಗೆ ಹೆಚ್ಚು ಗುಣ ಕಂಡಿತ್ತು ನಿಜ. ಮಾತ್ರೆಯ ಪರ ಮಾತಾಡುವವರು ಹಿಡಿದುಕೊಳ್ಳುವುದು ಅದನ್ನೇ. ವೈದ್ಯರ ಸಂಘಗಳಲ್ಲೂ ಒಮ್ಮತವಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಕಾಲೇಜು 2019ರಲ್ಲಿ ಮಂಡಿಗೆ ಇವು ಬೇಡವೇ ಬೇಡ ಎಂದಿತು. ಯುರೋಪಿನ ಒಂದು ತಜ್ಞರ ಸಂಘ ಮಾತ್ರ ವೈದ್ಯರು ಬರೆದುಕೊಡುವ ಗ್ಲುಕೋಸಮೈನ್ ಸಲ್ಫೇಟನ್ನು ಒಪ್ಪುತ್ತದೆ.

ಹುಸಿ ಮಾತ್ರೆಗೆ 60 ಹೇಗೆ ಬಂತು? ನಂಬಿಕೆಯ ಪಾಲು ಇದೆ. ಇನ್ನೊಂದು ಕಾರಣ ಇನ್ನೂ ಸರಳ. ಮಂಡಿನೋವು ಏರುತ್ತೆ, ಇಳಿಯುತ್ತೆ. ನಾವು ಮಾತ್ರೆ ಕೊಳ್ಳಲು ಹೋಗುವುದು ನೋವು ತೀರಾ ಕೆಟ್ಟಿರುವ ವಾರದಲ್ಲಿ. ಆಮೇಲೆ ಅದು ತಾನಾಗಿಯೇ ಇಳಿದರೂ ಹೆಸರು ಮಾತ್ರೆಗೆ.

ಅದಕ್ಕೇ ತೆಗೆದುಕೊಳ್ಳಲೇಬೇಕು ಅನ್ನುವವರಿಗೆ ನಾನು ಹೇಳುವುದು: ಮೊದಲು ಎರಡು ವಾರ ಮಾತ್ರೆ ಇಲ್ಲದೆ ನೋವನ್ನು ಬರೆದಿಡಿ. ಸುಮ್ನೆ "ನೋವಿದೆ" ಅಂತಲ್ಲ. ಒಂದೇ ಕೆಲಸ ಆರಿಸಿಕೊಳ್ಳಿ, ಮೆಟ್ಟಿಲು ಇಳಿಯುವುದು ಅಂತಿಟ್ಟುಕೊಳ್ಳಿ. ರಾತ್ರಿ ಅದಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ಆ ವಾರ ಎಷ್ಟು ನೋವಿನ ಮಾತ್ರೆ ನುಂಗಿದಿರಿ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. ಆಮೇಲೆ ಶುರು ಮಾಡಿ. ದಿನಕ್ಕೆ ಗ್ಲುಕೋಸಮೈನ್ 1,500 ಮಿಲಿಗ್ರಾಂ, ಕಾಂಡ್ರಾಯ್ಟಿನ್ 800ರಿಂದ 1,200. ಡಬ್ಬದ ಮುಂದಿನ ದೊಡ್ಡ ಅಂಕಿ ಒಂದು ಮಾತ್ರೆಯದೋ ಎರಡು ಮೂರು ಮಾತ್ರೆ ಸೇರಿದ್ದೋ, ಹಿಂದೆ ತಿರುಗಿಸಿ ನೋಡಿ. ಅರ್ಧ ಪ್ರಮಾಣ ತೆಗೆದುಕೊಂಡು "ಕೆಲಸ ಮಾಡಲಿಲ್ಲ" ಅಂದರೆ ಅದೂ ಪರೀಕ್ಷೆಯಲ್ಲ. ಆ ಮೂರು ತಿಂಗಳು ಹೊಸ ವ್ಯಾಯಾಮ, ಹೊಸ ಮುಲಾಮು ಬೇಡ, ಈಗಾಗಲೇ ಮಾಡುತ್ತಿರುವುದನ್ನು ಮುಂದುವರಿಸಿ.

ಒಂದು ವಾರಕ್ಕೇ ಗುಣ ಕಂಡಿತು ಅನ್ನುವವರನ್ನು ನಾನು ನಂಬುವುದಿಲ್ಲ. ಇದು ನಿಧಾನದ ಮಾತ್ರೆ. ಹನ್ನೆರಡು ವಾರ ಕೊಡಿ. ಆ ಹೊತ್ತಿಗೆ ಎರಡು ಅಂಕವಾದರೂ ಇಳಿಯದಿದ್ದರೆ ನಿಲ್ಲಿಸಿ. ಒಂದೇ ಅಂಕ ಇಳಿದಿದ್ದು ಬಿಡಲು ಮನಸ್ಸಿಲ್ಲದಿದ್ದರೆ ಆರು ತಿಂಗಳು. ಅದರಾಚೆ ಬೇಡ.

ಪರಿಚಯದ ಒಬ್ಬರು ಹೀಗೇ ಮಾಡಿದರು. ಶುರುವಿನಲ್ಲಿ ಮೆಟ್ಟಿಲ ನೋವು ಸರಾಸರಿ 6, ನೋವಿನ ಮಾತ್ರೆ ವಾರಕ್ಕೆ ನಾಲ್ಕು. ಎಂಟನೇ ವಾರ 4 ಆಯಿತು, ತುಂಬ ಖುಷಿಯಾದರು. ಹನ್ನೆರಡನೇ ವಾರ ಮತ್ತೆ 5. ನೋವಿನ ಮಾತ್ರೆ ಮಾತ್ರ ನಾಲ್ಕೇ. "ಎಂಟನೇ ವಾರ ಇಳಿದಿತ್ತಲ್ಲ?" ಅಂದರು. ಪುಸ್ತಕ ತಿರುಗಿಸಿ ನೋಡಿದರೆ, ಮಾತ್ರೆ ಶುರುವಾಗುವ ಮೊದಲ ಎರಡು ವಾರಗಳಲ್ಲೂ ಮೂರು ದಿನ 4 ಅಂತಲೇ ಇತ್ತು. ನಿಲ್ಲಿಸಿದರು. ಎರಡು ತಿಂಗಳಾದ ಮೇಲೂ 5. ಗುಣ ಕಂಡವರಿಗೂ ನಾನು ಹೀಗೇ ಒಮ್ಮೆ ನಿಲ್ಲಿಸಿ ನೋಡಿ ಅನ್ನುತ್ತೇನೆ. ಒಂದೆರಡು ವಾರದಲ್ಲಿ ತೀರ್ಮಾನಿಸಬೇಡಿ, ಇದರ ಪರಿಣಾಮ ಇಳಿಯುವುದೂ ನಿಧಾನ.

ಕೆಲವರು ಮಾತ್ರ ವೈದ್ಯರನ್ನು ಕೇಳದೆ ಶುರು ಮಾಡಲೇಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಗ್ಲುಕೋಸಮೈನನ್ನು ಹೆಚ್ಚಾಗಿ ಸಿಗಡಿ, ಏಡಿಯ ಚಿಪ್ಪಿನಿಂದ ತೆಗೆಯುತ್ತಾರೆ, ಹಾಗಾಗಿ ಅವುಗಳ ಅಲರ್ಜಿ ಇದ್ದವರೂ ಕೇಳಬೇಕು. ಸಕ್ಕರೆ ಕಾಯಿಲೆ ಇದ್ದವರು ಶುರುವಿನಲ್ಲಿ ಸಕ್ಕರೆಯನ್ನು ಒಂದೆರಡು ಬಾರಿ ಹೆಚ್ಚಿಗೆ ಪರೀಕ್ಷಿಸಿಕೊಳ್ಳಲಿ. ಉಳಿದವರಿಗೆ ಸಾಮಾನ್ಯವಾಗಿ ಹೊಟ್ಟೆಯುಬ್ಬರ, ಎದೆಯುರಿ, ಅಷ್ಟೇ.