ಫೀ ಇಲ್ಲ ಅಂದ ಆ್ಯಪ್‌ನಲ್ಲಿ ದುಡ್ಡು ಕಮ್ಮಿ ಬಂದದ್ದು ಹೇಗೆ?

ಮಂಡ್ಯದ ಒಂದು ಬ್ಯಾಂಕ್ ಶಾಖೆಯಲ್ಲಿ ನನ್ನ ಕೆಲಸ. ಸುತ್ತಲಿನ ಎಷ್ಟೋ ಮನೆಗಳಿಗೆ ದುಬೈ, ಶಾರ್ಜಾ ಕಡೆಯಿಂದ ಉಳಿತಾಯದ ದುಡ್ಡು ಬರುತ್ತದೆ. ಕಳಿಸುವ ಹುಡುಗರೆಲ್ಲ ಆ್ಯಪ್ ಆರಿಸುವಾಗ ನೋಡುವುದು ಫೀ ಎಷ್ಟು ಅಂತ. ಊರಿನ ಖಾತೆಗೆ ಕೊನೆಗೆ ಎಷ್ಟು ರೂಪಾಯಿ ಬೀಳುತ್ತದೆ ಅಂತ ನೋಡುವವರು ಕಡಿಮೆ.

ಮದ್ದೂರು ಕಡೆಯ ಒಬ್ಬ ತಾಯಿ ಪಾಸ್‌ಬುಕ್ ಹಿಡಿದು ಕೌಂಟರಿಗೆ ಬಂದರು. “ಸಾರ್, ನನ್ ಮಗನೂ ಪಕ್ಕದ್ ಮನೆ ಹುಡ್ಗನೂ ಒಂದೇ ದಿನ ಮೂರ್ ಮೂರ್ ಸಾವ್ರ ದಿರ್ಹಂ ಹಾಕವ್ರೆ. ಅವ್ರಿಗೆ ಜಾಸ್ತಿ ಬಂದೈತೆ. ನೀವೇನಾದ್ರೂ ಹಿಡ್ಕೊಂಡ್ರಾ?”

ಪಾಸ್‌ಬುಕ್ ಎಂಟ್ರಿಯಲ್ಲಿ IMPS ಅಂತ ಇತ್ತು. ಅದು ನಮ್ಮ ದೇಶದೊಳಗೆ ಬ್ಯಾಂಕಿನಿಂದ ಬ್ಯಾಂಕಿಗೆ ರೂಪಾಯಿ ಕಳಿಸುವ ದಾರಿ. ಅಂದರೆ ದಿರ್ಹಂ ರೂಪಾಯಿಯಾದದ್ದು ನಮ್ಮಲ್ಲಿಗೆ ಬರುವ ಮೊದಲೇ. ನಮಗೆ ಬಂದದ್ದು ರೂಪಾಯಿ, ಖಾತೆಗೆ ಹಾಕಿದ್ದೂ ಅಷ್ಟೇ ರೂಪಾಯಿ. “ಇಲ್ಲಿ ಏನೂ ಹಿಡಿದಿಲ್ಲ ಕಣಮ್ಮ, ಮಗನಿಗೆ ಫೋನ್ ಮಾಡಿ” ಅಂದೆ. ಅವನು ಆ್ಯಪ್‌ನ ರಸೀದಿ ಕಳಿಸಿದ. ಪಕ್ಕದ ಮನೆಯವರದ್ದೂ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು.

ಮಗನ ಆ್ಯಪ್‌ನಲ್ಲಿ ಫೀ ಸೊನ್ನೆ, ರೇಟು 23.60. ಮೂರು ಸಾವಿರ ದಿರ್ಹಂಗೆ 70,800 ರೂಪಾಯಿ. ಪಕ್ಕದ ಮನೆಯ ಹುಡುಗನ ಆ್ಯಪ್‌ನಲ್ಲಿ 15 ದಿರ್ಹಂ ಫೀ, ಅದರ ಮೇಲೆ ಅಲ್ಲಿನ 5% ವ್ಯಾಟ್, ಒಟ್ಟು 15.75. ಆದರೆ ರೇಟು 23.85. ಫೀ ಕಳೆದು ಉಳಿದ 2984.25 ದಿರ್ಹಂಗೆ 71,174 ರೂಪಾಯಿ. ಫೀ ಕೊಟ್ಟವನ ಮನೆಗೇ 374 ರೂಪಾಯಿ ಜಾಸ್ತಿ!

ಹಾಗಾದರೆ ಸರಿಯಾದ ರೇಟು ಯಾವುದು? ದಿರ್ಹಂ ವಿಷಯದಲ್ಲಿ ಇದನ್ನು ಕಂಡುಹಿಡಿಯುವುದು ಸುಲಭ. ಯುಎಇ ತನ್ನ ದಿರ್ಹಂ ಅನ್ನು ಡಾಲರ್‌ಗೆ ಕಟ್ಟಿಹಾಕಿದೆ. ಒಂದು ಡಾಲರ್‌ಗೆ 3.6725 ದಿರ್ಹಂ, ಇದು ಬದಲಾಗುವುದಿಲ್ಲ. ಆದ್ದರಿಂದ ಡಾಲರ್‌ನ ರೂಪಾಯಿ ಬೆಲೆಯನ್ನು 3.6725ರಿಂದ ಭಾಗಿಸಿದರೆ ಸಾಕು. ಅವತ್ತು ಡಾಲರ್ 88 ರೂಪಾಯಿ ಇತ್ತು. ಭಾಗಿಸಿದರೆ 23.96. ಈ ರೇಟು ಪೂರ್ತಿ ಯಾವ ಆ್ಯಪ್‌ನಲ್ಲೂ ಸಿಗುವುದು ಅಪರೂಪ, ಆದರೆ ಅಳೆಯಲು ಇದೇ ಆಧಾರ. ಸೊನ್ನೆ ಫೀ ಆ್ಯಪ್ ಪ್ರತಿ ದಿರ್ಹಂಗೆ 36 ಪೈಸೆ ಕಮ್ಮಿ ಕೊಟ್ಟಿತ್ತು. ಮೂರು ಸಾವಿರಕ್ಕೆ 1,080 ರೂಪಾಯಿ. ಫೀ ಅನ್ನುವ ಹೆಸರಿಲ್ಲದೆ ಹೋದ ದುಡ್ಡು ಇದು. ರಸೀದಿಯಲ್ಲಿ ಎಲ್ಲೂ ಕಾಣುವುದಿಲ್ಲ, ಅದಕ್ಕೇ ನನಗೆ ಬೇಜಾರು.

ಹಾಗಂತ ಸೊನ್ನೆ ಫೀ ಆ್ಯಪ್ ಯಾವಾಗಲೂ ದುಬಾರಿ ಅಂತಲ್ಲ. ಅದೇ ಹುಡುಗರು 500 ದಿರ್ಹಂ ಮಾತ್ರ ಕಳಿಸಿದ್ದರೆ? ಮೊದಲನೆಯದರಲ್ಲಿ 11,800 ರೂಪಾಯಿ, ಎರಡನೆಯದರಲ್ಲಿ 11,549. ಈಗ ಸೊನ್ನೆ ಫೀಯದ್ದೇ ಲಾಭ. ಫೀ ಒಂದೇ ಮೊತ್ತ, ರೇಟಿನ ಹೊಡೆತ ಮಾತ್ರ ದುಡ್ಡು ಬೆಳೆದಂತೆ ಬೆಳೆಯುತ್ತದೆ. ಈ ಎರಡು ಆ್ಯಪ್‌ಗಳಲ್ಲಿ ಲೆಕ್ಕ ತಿರುಗುವುದು ಸುಮಾರು 1,500 ದಿರ್ಹಂ ಹತ್ತಿರ. ತಿಂಗಳಿಗೆ ಸ್ವಲ್ಪ ಸ್ವಲ್ಪ ಕಳಿಸುವವರು, ಅವಸರವಿಲ್ಲದಿದ್ದರೆ, ಎರಡು ತಿಂಗಳದ್ದು ಸೇರಿಸಿ ಕಳಿಸಿದರೆ ಫೀ ಒಂದೇ ಸಲ ಹೋಗುತ್ತದೆ.

ಆ ತಾಯಿ ಕೇಳಿದ ಪ್ರಶ್ನೆಗೆ ‘ಹೌದು, ಇಲ್ಲಿ ಹಿಡಿದಿದ್ದೇವೆ’ ಅಂತ ಹೇಳಬೇಕಾದ ಸಂದರ್ಭವೂ ಇದೆ. ಆ್ಯಪ್ ಬಿಟ್ಟು ಅಲ್ಲಿನ ಬ್ಯಾಂಕಿನಿಂದ ಡಾಲರ್‌ನಲ್ಲೇ, ಬೇರೆ ಬೇರೆ ದೇಶದ ಬ್ಯಾಂಕುಗಳನ್ನು ಜೋಡಿಸುವ ಸ್ವಿಫ್ಟ್ ಜಾಲದ ಮೂಲಕ ಕಳಿಸಿದಾಗ ದಾರಿಯಲ್ಲಿರುವ ಬ್ಯಾಂಕೂ ತನ್ನ ಪಾಲು ಕಳೆಯಬಹುದು. ಇಲ್ಲಿಗೆ ಬಂದ ಮೇಲೆ ನಮ್ಮ ಬ್ಯಾಂಕ್ ತನ್ನ ರೇಟಿನಲ್ಲಿ ರೂಪಾಯಿ ಮಾಡುತ್ತದೆ, ಬದಲಾಯಿಸಿದ್ದಕ್ಕೆ ಜಿಎಸ್‌ಟಿ ಬೇರೆ. ಆಗ ಕಳಿಸಿದವನ ರಸೀದಿಗೂ ಪಾಸ್‌ಬುಕ್‌ಗೂ ತಾಳೆಯಾಗುವುದಿಲ್ಲ. IMPS ಅಥವಾ NEFT ಅಂತ ರೂಪಾಯಿಯಲ್ಲೇ ಬಂದಿದ್ದರೆ ರಸೀದಿಯ ಮೊತ್ತವೇ ಖಾತೆಯಲ್ಲಿರಬೇಕು. ಒಂದು ರೂಪಾಯಿ ಕಮ್ಮಿಯಿದ್ದರೂ ನಮ್ಮನ್ನು ಕೇಳಿ.

ಮಗ ಮಾರನೇ ತಿಂಗಳು ಇನ್ನೊಂದು ಹೊಸ ಆ್ಯಪ್‌ನ ಸ್ಕ್ರೀನ್‌ಶಾಟ್ ಕಳಿಸಿದ. ರೇಟು ಭಾರಿ ಚೆನ್ನಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಮೊದಲ ಸಲಕ್ಕೆ ಮಾತ್ರ ಅಂತ ಇತ್ತು. “ಈ ಸಲ ಇದರಲ್ಲೇ ಕಳಿಸಪ್ಪ, ತಪ್ಪೇನಿಲ್ಲ. ಮುಂದಿನ ಸಲ ದುಡ್ಡು ಕಳಿಸುವ ಬಟನ್ ಒತ್ತುವ ಮುಂಚೆ ಕೊನೆಯ ಪುಟದಲ್ಲಿ ಅಮ್ಮನಿಗೆ ಎಷ್ಟು ರೂಪಾಯಿ ಅಂತ ತೋರಿಸುತ್ತದಲ್ವಾ, ಅದನ್ನು ಎರಡು ಆ್ಯಪ್‌ನಲ್ಲಿ ಒಂದೇ ಹೊತ್ತಿಗೆ ನೋಡು” ಅಂತ ಹೇಳಿದೆ. ರೇಟು ದಿನವಿಡೀ ಏರಿಳಿಯುತ್ತದೆ, ಬೆಳಗ್ಗೆ ಒಂದು ಸಂಜೆ ಒಂದು ನೋಡಿದರೆ ಹೋಲಿಕೆ ಆಗುವುದಿಲ್ಲ.