ಮರಾಠಿ ಅರ್ಥವಾಗುತ್ತೆ, ಆದ್ರೆ ಬಾಯಿ ಅಲ್ಲೇ ನಿಂತಿದೆ

ಪುಣೆಗೆ ಬಂದ ಹೊಸದರಲ್ಲಿ ನನ್ನ ಮರಾಠಿ ವಾರವಾರಕ್ಕೂ ಬೆಳೆಯುತ್ತಿತ್ತು. ತರಕಾರಿಯವರ ಹತ್ತಿರ ಚೌಕಾಸಿ, ರಿಕ್ಷಾದವರ ಹತ್ತಿರ ಜಗಳ, ಆಫೀಸಿನ ಊಟದ ಹರಟೆ, ಎಲ್ಲಾ ಒಂದೊಂದಾಗಿ ಕೈಗೆ ಬಂತು. ಆಮೇಲೆ ಅಲ್ಲಿಗೇ ನಿಂತುಬಿಡ್ತು. ಸುದ್ದಿ ಕೇಳಿದರೆ ಅರ್ಥವಾಗುತ್ತೆ, ನಾಟಕಕ್ಕೆ ಹೋದರೆ ಎಲ್ಲರ ಜೊತೆ ಸರಿಯಾದ ಹೊತ್ತಿಗೆ ನಗ್ತೀನಿ, ಆದ್ರೆ ನಾನು ಬಾಯಿ ತೆರೆದರೆ ವರ್ಷಗಳ ಹಿಂದೆ ಮಾತಾಡುತ್ತಿದ್ದ ಅದೇ ಮರಾಠಿ. ಇನ್ನೂ ಜಾಸ್ತಿ ಕೇಳಿದರೆ ಸರಿಹೋಗುತ್ತೆ ಅಂದುಕೊಂಡು ಧಾರಾವಾಹಿ, ಸಂದರ್ಶನ, ಕೀರ್ತನೆ ಏನು ಸಿಕ್ಕರೂ ಕೇಳಿದೆ. ಏನೂ ಬದಲಾಗಲಿಲ್ಲ.

ನಿಂತಂತೆ ಅನಿಸುವುದಕ್ಕೆ ಒಂದು ಕಾರಣ ಸುಲಭವಾಗಿ ಗೊತ್ತಾಗುತ್ತೆ. ಮೊದಲು ಕಲಿಯುವ ಪದಗಳು ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತವೆ. ಅವತ್ತು ಕಲಿತದ್ದು ಅವತ್ತೇ ಕೆಲಸಕ್ಕೆ ಬರುತ್ತೆ. ಆಮೇಲೆ ಕಲಿಯಬೇಕಾದ ಪದಗಳು ಹಾಗಲ್ಲ. ‘ಥಕಬಾಕೀ’ ಅನ್ನೋದನ್ನು ನಾನು ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಕೇಳಿದೆ, ಬಾಕಿ ಉಳಿಸಿಕೊಂಡವರ ಪಟ್ಟಿ ಓದುವಾಗ. ಮತ್ತೆ ಅದು ಕಿವಿಗೆ ಬಿದ್ದದ್ದು ಮುಂದಿನ ಮೀಟಿಂಗಿನಲ್ಲೇ. ಅಷ್ಟರಲ್ಲಿ ಮರೆತಿದ್ದೆ. ಶ್ರಮ ಅಷ್ಟೇ, ಫಲ ಕಣ್ಣಿಗೆ ಕಾಣೋದು ಕಡಿಮೆ. ಇದಕ್ಕೆ ಬೇಜಾರು ಮಾಡಿಕೊಂಡು ಪ್ರಯೋಜನವಿಲ್ಲ.

ಆದ್ರೆ ಇನ್ನೊಂದು ಕಾರಣ ಇತ್ತು. ಅದು ಕಂಡದ್ದು ಒಂದು ಭಾನುವಾರ.

ನಾವಿರೋದು ವಾಘೋಲಿ ಕಡೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿ. ಹಿಂದಿನ ದಿನ ಟ್ಯಾಂಕರ್ ತಡವಾಗಿ ಬಂದು, ಬಂದ ಮೇಲೆ ಮೋಟರ್ ಕೈಕೊಟ್ಟು, ದೊಡ್ಡ ರಾಮಾಯಣವೇ ಆಗಿತ್ತು. ಆ ಕಥೆಯನ್ನು ಯಾರಿಗೋ ಹೇಳುವ ಹಾಗೆ ಮರಾಠಿಯಲ್ಲಿ ನಾಲ್ಕು ನಿಮಿಷ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಆಮೇಲೆ ಕೇಳುತ್ತಾ, ನಿಲ್ಲಿಸುತ್ತಾ, ಬಾಯಲ್ಲಿ ಬಂದದ್ದನ್ನು ಬಂದ ಹಾಗೇ ಕಾಗದದ ಮೇಲೆ ಬರೆದೆ. ತಿದ್ದಲಿಲ್ಲ. ಇದೊಂದು ಮುಖ್ಯ, ಯಾಕಂದ್ರೆ ಸುಮ್ನೆ ಕೇಳಿದರೆ ನಮ್ಮ ಮಾತು ನಮಗೆ ಚೆನ್ನಾಗೇ ಕೇಳಿಸುತ್ತೆ.

ಬರೆದದ್ದನ್ನು ಮೇಲಿನ ಮನೆಯ ಕಾಕುಗೆ ತೋರಿಸಿದೆ. ಅವರು ಶಾಲೆಯಲ್ಲಿ ಮರಾಠಿ ಕಲಿಸಿ ನಿವೃತ್ತರಾದವರು. ಪೆನ್ಸಿಲ್ ತೆಗೆದುಕೊಂಡು ಕ್ರಿಯಾಪದಗಳಿಗಷ್ಟೇ ಗೆರೆ ಎಳೆಯುತ್ತಾ ಹೋದರು. ‘ಮೀ ಟಾಕೀ ಬಘಿತಲೋ.’ ‘ಮೀ ಮೋಟರ್ ಚಾಲೂ ಕೇಲೋ.’ ‘ಮೀ ವಾಚಮನಲಾ ವಿಚಾರಲೋ.’ ಟ್ಯಾಂಕಿ ನೋಡಿದೆ, ಮೋಟರ್ ಚಾಲೂ ಮಾಡಿದೆ, ವಾಚಮನ್‌ನನ್ನು ಕೇಳಿದೆ ಅನ್ನೋಕೆ ಎಲ್ಲಾ ಲೋ, ಲೋ, ಲೋ.

ವಿಷಯ ಹೀಗಿದೆ. ಕನ್ನಡದಲ್ಲಿ ‘ನೋಡಿದೆ’ ಅಂದರೆ ಆ ಕೊನೆಯ ಅಕ್ಷರ ‘ನಾನು’ ಜೊತೆ ಹೊಂದಿಕೊಂಡಿದೆ. ಏನನ್ನು ನೋಡಿದೆ ಅನ್ನೋದು ಅದಕ್ಕೆ ಬೇಕಿಲ್ಲ. ಮರಾಠಿಯಲ್ಲೂ ‘ಮೀ ಗೇಲೋ’, ‘ಮೀ ಆಲೋ’, ಅಂದರೆ ನಾನು ಹೋದೆ, ನಾನು ಬಂದೆ ಅನ್ನೋದು, ಹಾಗೇ. ಆದ್ರೆ ಏನನ್ನೋ ಮಾಡಿದ ಮಾತು ಬಂದರೆ, ಆಗಿಹೋದ ಕಾಲದಲ್ಲಿ, ಕ್ರಿಯಾಪದ ನನ್ನನ್ನು ಬಿಟ್ಟು ಆ ವಸ್ತುವಿನ ಹಿಂದೆ ಹೋಗುತ್ತೆ. ಟಾಕೀ ಸ್ತ್ರೀಲಿಂಗ, ಹಾಗಾಗಿ ‘ಬಘಿತಲೀ’. ಮೋಟರ್ ಕೂಡ ಹಾಗೇ, ‘ಕೇಲೀ’. ವಾಲ್ವ್ ಪುಲ್ಲಿಂಗ, ‘ಉಘಡಲಾ’. ಬಿಲ್ ನಪುಂಸಕ, ‘ಭರಲಂ’. ವಾಚಮನ್‌ಗೆ ‘ಲಾ’ ಅಂಟಿಕೊಂಡಿರೋದರಿಂದ ಅಲ್ಲಿ ಅವನ ಲಿಂಗವೂ ಲೆಕ್ಕಕ್ಕಿಲ್ಲ, ಸುಮ್ನೆ ‘ವಿಚಾರಲಂ’. ಬೇರೆಯವನು ಮಾಡಿದ್ದಾದರೆ ‘ತ್ಯಾನೇ’ ಅಂತ ಬಂದು ಒಂದು ಸುಳಿವು ಕೊಡುತ್ತೆ. ‘ಮೀ’ ಮಾತ್ರ ಎರಡೂ ಕಡೆ ಮೀ ಆಗಿಯೇ ಇರುತ್ತೆ. ನಮ್ಮಂಥವರು ಬೀಳೋದು ಅಲ್ಲೇ.

ಇನ್ನು ಲಿಂಗದ ತಾಪತ್ರಯ ಬೇರೆ. ನಮಗೆ ಟ್ಯಾಂಕರ್ ಬಂತು, ಲಿಫ್ಟ್ ಬಂತು, ನೀರು ಬಂತು. ಎಲ್ಲಕ್ಕೂ ಒಂದೇ ‘ಬಂತು’. ಅವರಿಗೆ ಟ್ಯಾಂಕರ್ ಆಲಾ, ಲಿಫ್ಟ್ ಆಲೀ, ಪಾಣೀ ಆಲಂ.

ಇಷ್ಟು ವರ್ಷ ಕೇಳಿದರೂ ಇದು ಬಾಯಿಗೆ ಯಾಕೆ ಬರಲಿಲ್ಲ? ಯಾಕಂದ್ರೆ ಕೇಳುವಾಗ ಅದು ಬೇಕಾಗಲೇ ಇಲ್ಲ. ‘ಟಾಕೀ ಭರಲೀ’ ಅಂದಾಗ ಟಾಕೀ, ಭರ, ಇಷ್ಟು ಕಿವಿಗೆ ಬಿದ್ದರೆ ಸಾಕು, ನಾನು ಮೋಟರ್ ಆಫ್ ಮಾಡೋಕೆ ಓಡ್ತೀನಿ. ಕೊನೆಯ ‘ಲೀ’ ಕೇಳಿಸದಿದ್ದರೂ ಟ್ಯಾಂಕಿ ತುಂಬಿ ಹರಿಯೋದಿಲ್ಲ. ಮಾತಾಡುವಾಗಲೂ ಅದೇ ಕಥೆ. ತಪ್ಪು ಹೇಳಿದರೂ ಕೆಲಸ ಆಗುತ್ತೆ, ಹೊರಗಿನಿಂದ ಬಂದವರು ಮರಾಠಿ ಆಡ್ತಾರಲ್ಲ ಅಂತ ಜನ ‘ಛಾನ್ ಬೋಲತಾ’ ಅಂತಾರೆ, ತಿದ್ದುವುದಿಲ್ಲ. ಅರ್ಥವಾಗುತ್ತೆ ಅನ್ನೋದೇ ತೊಡರುಗಾಲು.

ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯ ಪಾಠಗಳನ್ನು ಫ್ರೆಂಚಿನಲ್ಲೇ ಮಾಡುವ ಪದ್ಧತಿ ಇದೆ. ಅಂಥ ಮಕ್ಕಳನ್ನು ನೋಡಿ ಭಾಷಾ ಕಲಿಕೆಯ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಬರೆದದ್ದು ಇದನ್ನೇ. ವರ್ಷಗಟ್ಟಲೆ ಫ್ರೆಂಚ್ ಕೇಳಿದ ಮಕ್ಕಳು ಅರ್ಥ ಮಾಡಿಕೊಳ್ಳೋದರಲ್ಲಿ ಜೋರು, ಮಾತಿನ ವ್ಯಾಕರಣದಲ್ಲಿ ಮಾತ್ರ ಹಿಂದೆ. ಕೇಳಿದರೆ ಸಾಲದು, ಸರಿಯಾಗಿ ಹೇಳಲೇಬೇಕಾದ ಒತ್ತಡ ಬೇಕು ಅನ್ನೋದು ಅವರ ವಾದ.

ಹಾಗಾಗಿ ಅಭ್ಯಾಸ ಬದಲಾಯಿಸಿದೆ. ಭಾಷೆ ಕಲಿಸುವವರಲ್ಲಿ 4/3/2 ಅನ್ನುವ ಅಭ್ಯಾಸವಿದೆ. ಒಂದೇ ಕಥೆಯನ್ನು ಮೊದಲು ನಾಲ್ಕು ನಿಮಿಷದಲ್ಲಿ, ಆಮೇಲೆ ಮೂರರಲ್ಲಿ, ಆಮೇಲೆ ಎರಡರಲ್ಲಿ, ಪ್ರತಿ ಸಲ ಬೇರೆ ಬೇರೆಯವರಿಗೆ ಹೇಳೋದು. ಏನು ಹೇಳಬೇಕು ಅಂತ ಹುಡುಕುವ ಕೆಲಸ ಕಡಿಮೆಯಾಗುತ್ತಾ ಹೋಗೋದರಿಂದ ಹೇಗೆ ಹೇಳಬೇಕು ಅನ್ನೋದಕ್ಕೆ ತಲೆಯಲ್ಲಿ ಜಾಗ ಸಿಗುತ್ತೆ. ಆದ್ರೆ ಇದರಲ್ಲೊಂದು ಮೋಸ ಇದೆ. ಹಾಗೇ ಮಾಡಿದರೆ ತಪ್ಪೂ ಸರಾಗವಾಗಿ ಬರೋಕೆ ಶುರುವಾಗುತ್ತೆ, ‘ಲೋ’ ಇನ್ನೂ ವೇಗವಾಗಿ ಬರುತ್ತೆ ಅಷ್ಟೇ. ಅದಕ್ಕೆ ನಾಲ್ಕು ನಿಮಿಷದ್ದನ್ನು ಬರೆದು, ಕ್ರಿಯಾಪದಗಳನ್ನು ಮಾತ್ರ ತಿದ್ದಿ, ಆಮೇಲೆ ಮೂರಕ್ಕೆ ಹೋಗಬೇಕು. ಉಳಿದ ತಪ್ಪುಗಳು ಸದ್ಯಕ್ಕೆ ಇರಲಿ.

ಪದಗಳನ್ನೂ ಒಂಟಿಯಾಗಿ ಬರೆದುಕೊಳ್ಳೋದು ಬಿಟ್ಟೆ. ‘ಚಾವೀ, ಸ್ತ್ರೀಲಿಂಗ’ ಅಂತ ಬರೆದುಕೊಂಡರೆ ಮಾತಿನ ಮಧ್ಯೆ ಆ ಪಟ್ಟಿ ಯಾರಿಗೆ ನೆನಪಾಗುತ್ತೆ? ‘ಚಾವೀ ದಿಲೀ’ ಅಂತ ಜೋಡಿಯಾಗೇ ಬರೆದು ಜೋಡಿಯಾಗೇ ಹೇಳೋದು. ಕಾಕುಗೂ ಒಂದು ಮಾತು ಕೇಳಿಕೊಂಡೆ, “ಕಾಕು, ಬೇರೇನೂ ತಿದ್ದಬೇಡಿ, ಇದೊಂದನ್ನು ಮಾತ್ರ ಬಿಡಬೇಡಿ.” ಅವರು ಸರಿಯಾದದ್ದನ್ನು ಹೇಳಿಕೊಡೋದಿಲ್ಲ. ‘ಕೇಲೋ?’ ಅಂತ ಹುಬ್ಬೇರಿಸಿ ಸುಮ್ಮನಾಗ್ತಾರೆ. ನಾನೇ ಹುಡುಕಿ ‘ಕೇಲೀ’ ಅನ್ನಬೇಕು, ಅಲ್ಲಿಯವರೆಗೆ ಚಹಾ ಆರುತ್ತಾ ಇರುತ್ತೆ.

ಕೆಲಸ ಮಾಡ್ತಿದೆಯಾ? ನಿಧಾನವಾಗಿ ಮಾತಾಡುವಾಗ ಹೌದು. ಮೀಟಿಂಗಿನಲ್ಲಿ ಸಿಟ್ಟು ಬಂದರೆ ಎಲ್ಲಾ ‘ಲೋ’ ವಾಪಸ್. ಹಳೇ ರೆಕಾರ್ಡಿಂಗ್ ಪಕ್ಕ ಹೊಸದನ್ನು ಇಟ್ಟು ಕೇಳಿದರೆ ಮಾತ್ರ ವ್ಯತ್ಯಾಸ ಗೊತ್ತಾಗೋದು, ದಿನದಿನಕ್ಕೆ ಗೊತ್ತಾಗೋದಿಲ್ಲ.

ಈಗ ತಪ್ಪುಗಳೂ ಬೇರೆ ಥರ ಆಗಿವೆ. ಮೊನ್ನೆ ಕಾಕು ಮನೆಯಲ್ಲಿ ಕೊಡೆ ಬಿಟ್ಟು ಬಂದಿದ್ದೆ. ವಾಪಸ್ ಹೋಗಿ ಜಂಬದಿಂದ ‘ಮೀ ಛತ್ರೀ ವಿಸರಲೀ’ ಅಂದೆ. ಛತ್ರೀ ಸ್ತ್ರೀಲಿಂಗ ತಾನೇ? ಕಾಕು ನಕ್ಕುಬಿಟ್ಟರು. ಮರೆಯೋದು, ಕಲಿಯೋದು, ಮಾತಾಡೋದು ಇಂಥ ಕೆಲವು ಕ್ರಿಯಾಪದಗಳು ಮರಾಠಿಯಲ್ಲೂ ನಮ್ಮ ಥರಾನೇ, ಮಾಡಿದವನ ಜೊತೆಗೇ ಹೋಗುತ್ತವಂತೆ. ಅಲ್ಲಿ ನನ್ನ ಹಳೇ ‘ವಿಸರಲೋ’ನೇ ಸರಿ! “ಮೊದಲಾಗಿದ್ದರೆ ಇದನ್ನು ಸರಿಯಾಗೇ ಹೇಳ್ತಿದ್ರಿ,” ಅಂದರು ಕಾಕು, ಕೊಡೆ ಕೈಗೆ ಕೊಡುತ್ತಾ.