ಲೆನ್ಸ್ ತೆಗೆದ ಮೇಲೂ ಕಣ್ಣು ಕಡಿಯುತ್ತಿದ್ದರೆ

ಮಳೆ ಕಡಿಮೆಯಾಗಿ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಕಸ ಹೂಬಿಟ್ಟಾಗ, ಹೊಲಗಳಲ್ಲಿ ಗೋವಿನಜೋಳದ ರಾಶಿ ನಡೆದಾಗ, "ಕಣ್ಣು ಭಾಳ ಕಡೀತಾವ್ರಿ" ಎನ್ನುತ್ತ ಲೆನ್ಸ್ ಹಾಕುವವರು ಬರುತ್ತಾರೆ. ಕಣ್ಣು ತಪಾಸಣೆ ಮಾಡುವವರು ಆಗ ಮೊದಲು ಕೇಳಬೇಕಾದದ್ದು, ಕಡಿತ ಯಾವಾಗ ಜಾಸ್ತಿ ಎಂದು. "ಲೆನ್ಸ್ ತಗದ ಕೂಡ್ಲೆ" ಎಂಬ ಉತ್ತರ ಬಂದರೆ ಮೇಲಿನ ರೆಪ್ಪೆ ಮಡಚಿ ನೋಡದೆ ಕಳಿಸಬಾರದು.

ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಬೈಕಿನಲ್ಲಿ ಓಡಾಡುವ, ತಿಂಗಳ ಲೆನ್ಸ್ ಹಾಕುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಎರಡೂ ಕಣ್ಣು ಕಡಿಯುತ್ತವೆ, ಬೆಳಿಗ್ಗೆ ನೂಲಿನಂಥ ಪಿಸರು ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮಸುಕು, ರೆಪ್ಪೆ ಬಡಿದರೆ ಲೆನ್ಸ್ ಮೇಲಕ್ಕೆ ಜಾರುತ್ತದೆ. ರೆಪ್ಪೆಯ ಒಳಭಾಗದಲ್ಲಿ ಕೆಂಪಗೆ ಗುಳ್ಳೆಗಳೆದ್ದಿರುತ್ತವೆ. ಕಣ್ಣೀರಿನ ಪ್ರೋಟೀನು ದಿನದಿಂದ ದಿನಕ್ಕೆ ಲೆನ್ಸಿನ ಮೇಲೆ ಕೂರುತ್ತದೆ, ಪರಾಗವೂ ಧೂಳೂ ಅದಕ್ಕೆ ಅಂಟುತ್ತವೆ. ರೆಪ್ಪೆ ಬಡಿದಾಗಲೆಲ್ಲ ಅದೇ ಪದರ ಒಳಚರ್ಮಕ್ಕೆ ತಿಕ್ಕುತ್ತದೆ. ಡ್ರಾಪ್ಸ್ ಮಾತ್ರ ಹಾಕಿ ಅದೇ ಲೆನ್ಸ್ ಮುಂದುವರಿಸಿದರೆ ಇದು ನಿಲ್ಲುವುದಿಲ್ಲ. ಗುಳ್ಳೆ ಇಳಿಯುವವರೆಗೆ ಕೆಲವು ವಾರ ಕನ್ನಡಕವೇ ಗತಿ. ಕಡಿತ ಬೇಗ ನಿಂತರೂ ಗುಳ್ಳೆ ತಡವಾಗಿ ಇಳಿಯುವುದರಿಂದ, ಮತ್ತೆ ಯಾವಾಗ ಹಾಕಬಹುದು ಎಂಬುದನ್ನು ರೆಪ್ಪೆ ನೋಡಿಯೇ ಹೇಳಬೇಕು. ಆಮೇಲೆ ದಿನಕ್ಕೊಂದು ಜೋಡಿ ಹಾಕಿ ಬಿಸಾಡುವ ಲೆನ್ಸ್ ಒಳ್ಳೆಯದು. ದುಡ್ಡು ಹೆಚ್ಚು, ನಿಜ. ಧೂಳಿನ ವಾರಗಳಿಗೆ ಮಾತ್ರ ಅದನ್ನು ಇಟ್ಟುಕೊಂಡರೂ ನಡೆಯುತ್ತದೆ.

ಡ್ರಾಪ್ಸ್ ವಿಷಯದಲ್ಲಿ ಎಡವುವುದು ಹೊತ್ತಿನಲ್ಲಿ. ವೈದ್ಯರು ಅಲರ್ಜಿಯ ಕಡಿತಕ್ಕೆ ಓಲೋಪಟಡಿನ್ ಎಂಬ ಡ್ರಾಪ್ಸ್ ದಿನಕ್ಕೆರಡು ಸಲ ಬರೆದಿದ್ದರೆ, ಬೆಳಿಗ್ಗೆ ಏಳಕ್ಕೆ ಹನಿ ಹಾಕಿ ಏಳೂಕಾಲಿಗೆ ಲೆನ್ಸ್ ಹಾಕಬೇಕು. ಸಂಜೆ ಲೆನ್ಸ್ ತೆಗೆದ ಮೇಲೆಯೇ ಎರಡನೆಯ ಹನಿ. ಇಂಥ ಬಹಳಷ್ಟು ಬಾಟಲಿಗಳಲ್ಲಿರುವ ಬೆಂಜಲ್ಕೋನಿಯಂ ಎಂಬ ಸಂರಕ್ಷಕವನ್ನು ಮೆತ್ತನೆಯ ಲೆನ್ಸ್ ಹೀರಿಕೊಂಡು ದಿನವಿಡೀ ಕಣ್ಣಿಗೆ ಬಿಡುತ್ತದೆ. ಆ ಉರಿಯನ್ನೂ ಜನ ಅಲರ್ಜಿ ಎಂದೇ ತಿಳಿಯುತ್ತಾರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸ್ ಬೇಡವೇ ಬೇಡ: ಕಡಿತ ತಟ್ಟನೆ ನಿಲ್ಲುತ್ತದೆ, ಆದರೆ ಸೋಂಕು ಮುಚ್ಚಿಹೋಗಬಹುದು, ಕಣ್ಣಿನ ಒತ್ತಡ ಏರಬಹುದು.

ತಿಂಗಳ ಲೆನ್ಸನ್ನೇ ಬಳಸುವವರು ಸಂಜೆ ಅಂಗೈಯಲ್ಲಿ ಸೊಲ್ಯೂಷನ್ ಹಾಕಿ ಲೆನ್ಸಿನ ಎರಡೂ ಬದಿ ಬೆರಳಿನಿಂದ ತಿಕ್ಕಬೇಕು, ನಂತರ ಹೊಸ ಸೊಲ್ಯೂಷನ್‌ನಿಂದ ತೊಳೆಯಬೇಕು. ಬರೀ ನೆನೆಹಾಕಿದರೆ ಅಂಟಿದ ಪದರ ಬಿಡುವುದಿಲ್ಲ. ಡಬ್ಬಿಯ ಹಳೆಯ ದ್ರವಕ್ಕೆ ಹೊಸದು ಸುರಿಯಬಾರದು. ನಲ್ಲಿ ನೀರು ಲೆನ್ಸಿಗೂ ಡಬ್ಬಿಗೂ ತಾಗಬಾರದು. ಅದರಲ್ಲಿ ಕಣ್ಣಿಗೆ ಸೋಂಕು ತರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ಬ್ಯಾಡಗಿ ಕಡೆ ಮೆಣಸಿನಕಾಯಿ ಮುಟ್ಟುವ ಕೈಯವರು ಲೆನ್ಸ್ ಹಾಕುವುದನ್ನೂ ತೆಗೆಯುವುದನ್ನೂ ಆದಷ್ಟು ಕೆಲಸದ ಹೊತ್ತಿನಿಂದ ದೂರ ಇಟ್ಟುಕೊಳ್ಳಬೇಕು. ಅದರ ಖಾರ ಒಮ್ಮೆ ಸೋಪಿನಿಂದ ತೊಳೆದರೆ ಹೋಗುವಂಥದ್ದಲ್ಲ.

ಅಲರ್ಜಿ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ, ಕಡಿತವೇ ಅದರ ಮುಖ್ಯ ಲಕ್ಷಣ. ಒಂದೇ ಕಣ್ಣು ನೋಯುತ್ತಿದ್ದರೆ, ಬೆಳಕು ಸಹಿಸದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅಥವಾ ದೃಷ್ಟಿ ಕುಂದಿದರೆ ಆಗಲೇ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಹೋಗುವಾಗ ಲೆನ್ಸನ್ನೂ ಡಬ್ಬಿಯನ್ನೂ ತೊಳೆಯದೆ ಹಾಗೆಯೇ ಒಯ್ಯಿರಿ, ಯಾವ ಸೋಂಕು ಎಂದು ಪರೀಕ್ಷಿಸಲು ಅವು ಬೇಕಾಗಬಹುದು.